ಕನ್ಫರ್ಮೇಶನ್ ಲೆಟರ್‌ಗೂ ಲೆಡ್ಜರ್‌ಗೂ 4,86,750 ರೂಪಾಯಿ ವ್ಯತ್ಯಾಸ. ಕೊನೆಗೆ 6,350 ಉಳಿದಿದೆ, ಬ್ಯಾಂಕ್ ಚಾರ್ಜಸ್‌ಗೆ ಬರೆದುಬಿಡಲಾ?

ಬ್ಯಾಡಗಿ_ಲೆಕ್ಕ
ಎಲ್ಲರಿಗೂ ನಮಸ್ಕಾರ. ಬ್ಯಾಡಗಿಯ ಒಂದು ಮೆಣಸಿನಕಾಯಿ ಕಂಪನಿಯಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ಪ್ರೈವೇಟ್ ಲಿಮಿಟೆಡ್, ಹಾಗಾಗಿ ಆಡಿಟ್ ಇದೆ. ಮಾರ್ಚ್ 31ಕ್ಕೆ ನಮ್ಮ ಸಿಸಿ ಸಾಲದ ಖಾತೆಯಲ್ಲಿ 1,47,05,350 ಡೆಬಿಟ್ ಬಾಕಿ ಅಂತ ಬ್ಯಾಂಕಿನ ಕನ್ಫರ್ಮೇಶನ್ ಲೆಟರ್ ಬಂದಿದೆ. ಟ್ಯಾಲಿಯಲ್ಲಿ ಅದೇ ಖಾತೆ 1,42,18,600 ಕ್ರೆಡಿಟ್ ತೋರಿಸುತ್ತದೆ. ವ್ಯತ್ಯಾಸ 4,86,750.

ನಾನು ಹುಡುಕಿದ್ದು ಇಷ್ಟು. ಮಾರ್ಚ್ ತಿಂಗಳ ಬಡ್ಡಿ 1,18,400 ಬ್ಯಾಂಕ್ ಹಾಕಿದೆ, ನಾವು ಬರೆದಿಲ್ಲ. ನಾವು ಕೊಟ್ಟು, ಬ್ಯಾಂಕಿನಲ್ಲಿ ಇನ್ನೂ ಪಾಸಾಗದ ಚೆಕ್ಕುಗಳು ಒಟ್ಟು 3,62,000. ಎರಡನ್ನೂ ನಮ್ಮ ಬಾಕಿಗೆ ಕೂಡಿಸಿದರೆ 1,46,99,000 ಆಗುತ್ತದೆ. ಬರೀ 6,350 ಉಳಿಯಿತು. ಇದನ್ನು ಬ್ಯಾಂಕ್ ಚಾರ್ಜಸ್‌ಗೆ ಹಾಕಿ ಮುಗಿಸಿದರೆ ಆಡಿಟರ್ ಏನಾದರೂ ಅಂತಾರಾ? ಸೀಸನ್ ಟೈಮಿನಲ್ಲಿ ಒಂದೊಂದು ದಿನಕ್ಕೆ ಎಷ್ಟು ಎಂಟ್ರಿ ಬೀಳುತ್ತವೆ ಅಂತ ನಿಮಗೆ ಗೊತ್ತು. ಪ್ರತಿಯೊಂದನ್ನೂ ಮತ್ತೆ ನೋಡುತ್ತಾ ಕೂರುವುದು ಕಷ್ಟ.

ಗೋಕುಲ್_ರೋಡ್
ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಡಿ ಸರ್. ಬ್ಯಾಂಕ್ ಸೀಲ್ ಹಾಕಿ ಕೊಟ್ಟ ಅಂಕಿಯೇ ಅಂತಿಮ. ಮಾರ್ಚ್ 31ರ ತಾರೀಖಿಗೆ 4,86,750ಕ್ಕೆ ಒಂದೇ ಜರ್ನಲ್ ಹಾಕಿ ಲೆಡ್ಜರನ್ನು ಬ್ಯಾಂಕಿಗೆ ತಾಳೆ ಮಾಡಿಬಿಡಿ. ಬಡ್ಡಿ ಪಾಲು ಬಡ್ಡಿಗೆ, ಉಳಿದದ್ದು ಸಸ್ಪೆನ್ಸ್‌ಗೆ. ನಮ್ಮ ವರ್ಕ್‌ಶಾಪಿನಲ್ಲಿ ವರ್ಷವೂ ಹೀಗೇ ಮಾಡುತ್ತೇವೆ, ಯಾರೂ ಕೇಳಿಲ್ಲ.

ಮನೆ_ಸಾಲ_ಧಾರವಾಡ
ನನಗೂ ಇದೇ ತೊಂದರೆ. ಮನೆ ಸಾಲ ತೀರಿಸಿ ಬಾಕಿ ಇಲ್ಲ ಅನ್ನುವ ಪತ್ರ ಕೇಳಿದರೆ ಇವತ್ತು ಬಾ ನಾಳೆ ಬಾ ಅಂತ ಅಲೆಸುತ್ತಿದ್ದಾರೆ. ಯಾರಿಗೆ ದೂರು ಕೊಡಬೇಕು?

ವಿದ್ಯಾನಗರ_ಆಡಿಟ್
ಮನೆ ಸಾಲದವರೇ, ನಿಮ್ಮದು ಬೇರೆ ಪತ್ರ. ಇಲ್ಲಿ ಮಾತಾಡುತ್ತಿರುವುದು ಆಡಿಟ್‌ಗೆ ಅಂತ ಬ್ಯಾಂಕ್ ಕೊಡುವ ಬಾಕಿ ಪತ್ರ. ಬೇರೆ ಪೋಸ್ಟ್ ಹಾಕಿ, ಗೊತ್ತಿದ್ದವರು ಹೇಳುತ್ತಾರೆ.

ಬ್ಯಾಡಗಿಯವರೇ, ನಿಮ್ಮ 6,350 ನಿಜವಾದ ವ್ಯತ್ಯಾಸವೇ ಅಲ್ಲ. ಸುಮ್ನೆ ಕಾಕತಾಳೀಯವಾಗಿ ಹತ್ತಿರ ಬಂದಿದೆ. ಪಾಸಾಗದ ಚೆಕ್ಕನ್ನು ಯಾಕೆ ಕೂಡಿಸಿದಿರಿ?

ನೋಡಿ, ನಿಮ್ಮದು ಸಿಸಿ ಖಾತೆ. ಅಲ್ಲಿ ನಿಮ್ಮ ಹಣ ಇಲ್ಲ, ನೀವೇ ಬ್ಯಾಂಕಿಗೆ ಕೊಡಬೇಕು. ಚೆಕ್ ಬರೆದ ದಿನವೇ ನಿಮ್ಮ ಪುಸ್ತಕದಲ್ಲಿ ಸಾಲ ಜಾಸ್ತಿ ಆಯಿತು. ಬ್ಯಾಂಕಿಗೆ ಆ ಚೆಕ್ ಇನ್ನೂ ಹೋಗಿಯೇ ಇಲ್ಲ. ಅಂದರೆ ಬ್ಯಾಂಕಿನ ಅಂಕಿ ನಿಮ್ಮದಕ್ಕಿಂತ ಕಡಿಮೆ ಇರಬೇಕು. 3,62,000 ಕಳೆಯಬೇಕು, ಕೂಡಿಸುವುದಲ್ಲ. ಕರೆಂಟ್ ಖಾತೆಯಲ್ಲಿ ಹಣ ಇಟ್ಟವರಿಗೆ ಪಾಸಾಗದ ಚೆಕ್ ಅಂದರೆ ಕೂಡಿಸುವುದೇ ಅಭ್ಯಾಸ. ಸಿಸಿಗೆ ಬಂದಾಗ ಕೈ ಅದೇ ಕಡೆಗೆ ಹೋಗುತ್ತದೆ.

ಮತ್ತೆ ಲೆಕ್ಕ ಹಾಕಿ. 1,42,18,600ಕ್ಕೆ ಬಡ್ಡಿ 1,18,400 ಕೂಡಿಸಿ 1,43,37,000. ಅದರಲ್ಲಿ 3,62,000 ಕಳೆದರೆ 1,39,75,000. ಬ್ಯಾಂಕ್ ಹೇಳುವುದು 1,47,05,350. ಈಗ ನೀವು ಹುಡುಕಬೇಕಾದದ್ದು 7,30,350. ಅದು ಬ್ಯಾಂಕ್ ಚಾರ್ಜಸ್ ಅಂತೂ ಆಗಲಾರದು.

ಬ್ಯಾಡಗಿ_ಲೆಕ್ಕ
ಅಯ್ಯೋ ಮೇಡಂ, ಆರು ಸಾವಿರ ಇದ್ದದ್ದು ಏಳು ಲಕ್ಷ ಆಯಿತಲ್ಲ. ಇರಲಿ. ಎಲ್ಲಿಂದ ಶುರು ಮಾಡಲಿ?

ವಿದ್ಯಾನಗರ_ಆಡಿಟ್
ಎರಡು ಪಟ್ಟಿ ಬೇಕು. ಮಾರ್ಚ್‌ನ ಬ್ಯಾಂಕ್ ಸ್ಟೇಟ್‌ಮೆಂಟ್, ಅದರ ಜೊತೆ ಏಪ್ರಿಲ್‌ನದೂ. ಏಪ್ರಿಲ್ ಇಲ್ಲದೆ ಮಾರ್ಚ್ 31ರ ವ್ಯತ್ಯಾಸ ಬಿಡಿಸಲು ಆಗುವುದಿಲ್ಲ. ನಿಮ್ಮ ಪುಸ್ತಕದಲ್ಲಿದ್ದು ಬ್ಯಾಂಕಿನಲ್ಲಿ ಇಲ್ಲದ್ದು ಏನಾಯಿತು ಅಂತ ಹೇಳುವುದೇ ಏಪ್ರಿಲ್ ಸ್ಟೇಟ್‌ಮೆಂಟ್.

ಮೊದಲು ಸ್ಟೇಟ್‌ಮೆಂಟಿನ ಕೊನೆಯ ಬಾಕಿಯೂ ಲೆಟರ್‌ನ ಅಂಕಿಯೂ ಒಂದೇ ಇದೆಯಾ ನೋಡಿ. ಇದನ್ನು ಯಾರೂ ನೋಡುವುದಿಲ್ಲ. ಅವೆರಡೇ ಬೇರೆ ಇದ್ದರೆ ಲೆಡ್ಜರ್ ಹಿಡಿದು ಕೂತು ಪ್ರಯೋಜನವಿಲ್ಲ, ಮೊದಲು ಬ್ರಾಂಚಿಗೆ ಹೋಗಬೇಕು.

ಆಮೇಲೆ ಸ್ಟೇಟ್‌ಮೆಂಟಿನಲ್ಲಿ ಬ್ಯಾಂಕ್ ತಾನಾಗಿ ಹಾಕಿದ ಸಾಲುಗಳನ್ನು ಗುರುತು ಮಾಡಿ. ಅದರ ನಂತರ ನಿಮ್ಮ ಲೆಡ್ಜರ್‌ನಲ್ಲಿ `Bank Date` ಖಾಲಿ ಇರುವ ಎಂಟ್ರಿಗಳು. ಒಂದು ಮಾತು, ಯಾರಾದರೂ ಬಿ.ಆರ್.ಎಸ್., ಅಂದರೆ ಬ್ಯಾಂಕ್ ತಾಳೆ ಪಟ್ಟಿ, ಬೇಗ ಮುಗಿಸಲು ಎಲ್ಲದಕ್ಕೂ 31ರ ತಾರೀಖನ್ನೇ ತುಂಬಿಸಿದ್ದರೆ ಟ್ಯಾಲಿಯನ್ನು ನಂಬಬೇಡಿ. ಅದು ನೀವು ತುಂಬಿದ್ದನ್ನೇ ತೋರಿಸುತ್ತದೆ.

ನಿವೃತ್ತ_ಬ್ಯಾಂಕರ್
ಮೇಡಂ ಹೇಳಿದ ಮೊದಲ ಮಾತಿಗೆ ನನ್ನದೊಂದು ಸೇರಿಕೆ. ಹಾವೇರಿ ಜಿಲ್ಲೆಯ ಬ್ರಾಂಚುಗಳಲ್ಲಿ ಬಹಳ ವರ್ಷ ಕೆಲಸ ಮಾಡಿದವನು ನಾನು. ಸಿಸಿ ಬಡ್ಡಿಯನ್ನು ದಿನದಿನದ ಬಾಕಿಯ ಮೇಲೆ ಲೆಕ್ಕ ಹಾಕಿ ತಿಂಗಳ ಕೊನೆಯ ದಿನ ಖಾತೆಗೆ ಖರ್ಚು ಹಾಕುತ್ತಾರೆ. ಆ ಎಂಟ್ರಿ ಬೀಳುವುದು ದಿನದ ವ್ಯವಹಾರ ಮುಗಿದ ಮೇಲೆ. ಪತ್ರ ಬರೆಯುವವರು 31ರ ಮಧ್ಯಾಹ್ನ ಪರದೆಯಲ್ಲಿ ಕಂಡ ಬಾಕಿಯನ್ನು ಬರೆದುಕೊಂಡು ಕೊಟ್ಟಿದ್ದರೆ ಅದರಲ್ಲಿ ಬಡ್ಡಿ ಇರುವುದೇ ಇಲ್ಲ. ಅಂಥ ಪತ್ರಗಳನ್ನು ನಾನು ಕಂಡಿದ್ದೇನೆ. ವ್ಯತ್ಯಾಸ ಸರಿಯಾಗಿ ಒಂದು ತಿಂಗಳ ಬಡ್ಡಿಯಷ್ಟೇ ಇರುತ್ತದೆ. ಆಗ ಪತ್ರವನ್ನೇ ತಿದ್ದಿಸಿಕೊಳ್ಳಬೇಕು.

ಇನ್ನೊಂದು, ಸ್ಟಾಕ್ ಇನ್ಶೂರೆನ್ಸ್. ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟು ಅದರ ಮೇಲೆ ಸಿಸಿ ತೆಗೆದುಕೊಂಡಿರುತ್ತೀರಿ. ಪಾಲಿಸಿ ಮುಗಿಯುವ ಹೊತ್ತಿಗೆ ನೀವು ನವೀಕರಿಸದಿದ್ದರೆ ಬ್ಯಾಂಕೇ ಪ್ರೀಮಿಯಂ ಕಟ್ಟಿ ನಿಮ್ಮ ಖಾತೆಗೆ ಖರ್ಚು ಹಾಕುತ್ತದೆ. ಪಾಲಿಸಿ ಕಾಗದ ತಡವಾಗಿ ಬರುತ್ತದೆ, ಎಂಟ್ರಿ ಮೊದಲೇ ಬಿದ್ದಿರುತ್ತದೆ. ಅದನ್ನು ನೋಡಿರಿ.

ಗದಗ_ಗುತ್ತಿಗೆ
ನಂದೂ ಒಂದು ಹೇಳ್ತೀನಿ. ರಸ್ತೆ ಕೆಲಸ ಮಾಡುವವನು, ಬ್ಯಾಂಕ್ ಗ್ಯಾರಂಟಿಗೆ 10 ಲಕ್ಷದ ಎಫ್‌ಡಿ ಇಟ್ಟಿದ್ದೆ. ಲೆಟರ್‌ನಲ್ಲಿ ಎಫ್‌ಡಿ 10 ಲಕ್ಷ 64 ಸಾವಿರ ಚಿಲ್ಲರೆ ಬಂತು. ನಮ್ಮ ಪುಸ್ತಕದಲ್ಲಿ 10 ಲಕ್ಷವೇ ಇತ್ತು. ಹುಡುಗ 64 ಸಾವಿರವನ್ನು ಬಡ್ಡಿ ಅಂತ ಬರೆದ. ಆಡಿಟರ್ ಬೈದರು. ಅವಧಿ ಮುಗಿದು ಎಫ್‌ಡಿ ತಾನಾಗಿ ನವೀಕರಣ ಆಗಿತ್ತು, ಬಡ್ಡಿ ನಿಜಕ್ಕೂ ಸುಮಾರು 71,800. ಅದರಲ್ಲಿ ಶೇ. 10 ಟಿಡಿಎಸ್ ಹಿಡಿದು ಉಳಿದದ್ದು ಸೇರಿಸಿದ್ದರು. ಟಿಡಿಎಸ್ ಬರೆಯದಿದ್ದರೆ ಆದಾಯವೂ ಕಡಿಮೆ, ವಾಪಸ್ ಬರಬೇಕಾದ ಏಳು ಸಾವಿರವೂ ಹೋಯಿತು. ತೆರಿಗೆ ಇಲಾಖೆಯ 26ಎಎಸ್ ತೆಗೆದಾಗ ತಿಳಿಯಿತು.

ಅದೇ ಲೆಟರ್‌ನಲ್ಲಿ ಕೆಲಸ ಮುಗಿದ ಗ್ಯಾರಂಟಿಯೂ ಚಾಲ್ತಿಯಲ್ಲಿದೆ ಅಂತ ಇತ್ತು. ಇಲಾಖೆಯಿಂದ ಮೂಲ ಕಾಗದ ವಾಪಸ್ ತಂದು ಬ್ಯಾಂಕಿಗೆ ಕೊಟ್ಟಿರಲಿಲ್ಲ. ಎಫ್‌ಡಿ ಸಿಕ್ಕಿಹಾಕಿಕೊಂಡದ್ದು ಅದಕ್ಕೇ.

ವಿದ್ಯಾನಗರ_ಆಡಿಟ್
ಒಳ್ಳೆಯದು ಹೇಳಿದಿರಿ. ಲೆಟರ್ ಬಂದಾಗ ಎಲ್ಲರೂ ಮೇಲಿನ ಬಾಕಿಯ ಅಂಕಿಯನ್ನಷ್ಟೇ ನೋಡುತ್ತಾರೆ. ಕೆಳಗೆ ಗ್ಯಾರಂಟಿ, ಲೀನ್, ಅಡವು ಅಂತ ಬರೆದಿರುತ್ತದೆ. ಆ ಗ್ಯಾರಂಟಿ ಲೆಡ್ಜರ್‌ನಲ್ಲಿ ಎಲ್ಲೂ ಇರುವುದಿಲ್ಲ. ಹಾಗಾಗಿ ಅದರ ಬಗ್ಗೆ ನಮಗೆ ಗೊತ್ತಾಗುವ ದೊಡ್ಡ ದಾರಿ ಈ ಲೆಟರ್.

ಬ್ಯಾಡಗಿಯವರೇ, ಏನಾದರೂ ಸಿಕ್ಕಿತಾ?

ಬ್ಯಾಡಗಿ_ಲೆಕ್ಕ
ಸಿಕ್ಕಿತು ಮೇಡಂ. ಲೆಟರ್ ಮತ್ತು ಸ್ಟೇಟ್‌ಮೆಂಟ್ ಒಂದೇ ಅಂಕಿ, ಅಲ್ಲಿ ತೊಂದರೆ ಇಲ್ಲ. ಬ್ಯಾಂಕರ್ ಸರ್ ಹೇಳಿದ ಹಾಗೇ ಮಾರ್ಚ್ 27ಕ್ಕೆ ಇನ್ಶೂರೆನ್ಸ್ ಪ್ರೀಮಿಯಂ 64,350 ಬಿದ್ದಿದೆ. ನಮ್ಮಲ್ಲಿ ಯಾರಿಗೂ ಗೊತ್ತೇ ಇರಲಿಲ್ಲ. 29ಕ್ಕೆ ಯಾವುದೋ ಪಾರ್ಟಿಯಿಂದ ನೆಫ್ಟ್‌ನಲ್ಲಿ 49,000 ಜಮಾ ಆಗಿದೆ, ಅದೂ ಬರೆದಿಲ್ಲ. ಪ್ರೀಮಿಯಂ ಕೂಡಿಸಿ, ನೆಫ್ಟ್ ಕಳೆದರೆ 15,350. 7,30,350ರಲ್ಲಿ ಅದು ಹೋದರೆ 7,15,000 ಉಳಿಯಿತು.

ಅದೂ ಸಿಕ್ಕಿದೆ. ಹೊರಗಿನ ಒಬ್ಬ ಖರೀದಿದಾರರ ಚೆಕ್. ನಮ್ಮಲ್ಲಿ 31ಕ್ಕೆ ರಸೀದಿ ಎಂಟ್ರಿ ಇದೆ, ಬ್ಯಾಂಕಿಗೆ ಆಮೇಲೆ ಹೋಗಿದೆ. ಈಗ ಪೈಸೆಗೆ ಪೈಸೆ ತಾಳೆ ಆಯಿತು! ಮುಗಿಯಿತು ಅಲ್ವಾ?

ಗೋಕುಲ್_ರೋಡ್
ನೋಡಿದಿರಾ, ನಾನು ಹೇಳಿದ್ದರಲ್ಲಿ ತಪ್ಪೇನಿತ್ತು? ಬಡ್ಡಿ, ಪ್ರೀಮಿಯಂ ಎಲ್ಲ ಜರ್ನಲ್ ಹಾಕಲೇಬೇಕಲ್ಲ.

ವಿದ್ಯಾನಗರ_ಆಡಿಟ್
ಅರ್ಧ ಸರಿ ಸರ್. ಬಡ್ಡಿ, ಪ್ರೀಮಿಯಂ, ನೆಫ್ಟ್ ಮೂರೂ ಮಾರ್ಚ್ ಒಳಗೇ ನಡೆದ ವ್ಯವಹಾರಗಳು. ನಮ್ಮ ಪುಸ್ತಕದಲ್ಲಿ ಬಿಟ್ಟುಹೋಗಿವೆ. ಅವನ್ನು ಬರೆಯಲೇಬೇಕು. ಪ್ರೀಮಿಯಂ ಪೂರ್ತಿ ಖರ್ಚಿಗೆ ಹಾಕಬೇಡಿ, ಪಾಲಿಸಿ ಮುಂದಿನ ವರ್ಷಕ್ಕೂ ಓಡುತ್ತದೆ. ಆದರೆ ಪಾಸಾಗದ ಚೆಕ್ಕಿಗೆ ಜರ್ನಲ್ ಹಾಕಿದರೆ ಏನಾಗುತ್ತದೆ? ಚೆಕ್ ಕೊಟ್ಟ ರೈತನಿಗೋ ಲಾರಿಯವನಿಗೋ ಕೊಟ್ಟೇ ಇಲ್ಲ ಅಂದಂತೆ. ಏಪ್ರಿಲ್‌ನಲ್ಲಿ ಆ ಚೆಕ್ ಪಾಸಾದಾಗ ಸಸ್ಪೆನ್ಸ್ ಮತ್ತೆ ಅಲ್ಲಾಡುತ್ತದೆ. ಕಾಲದ ವ್ಯತ್ಯಾಸವನ್ನು ಬಿ.ಆರ್.ಎಸ್.ನಲ್ಲಿ ತೋರಿಸಿ ಬಿಡಬೇಕು, ಪುಸ್ತಕ ಮುಟ್ಟಬಾರದು.

ಬ್ಯಾಡಗಿಯವರೇ, ತಾಳೆ ಆಯಿತು ಅಂದ ಮಾತ್ರಕ್ಕೆ ಮುಗಿಯಲಿಲ್ಲ. ಎರಡು ಪ್ರಶ್ನೆ ಇದೆ. 7,15,000ದ ಚೆಕ್ ಏಪ್ರಿಲ್ ಯಾವ ತಾರೀಖಿಗೆ ಜಮಾ ಆಯಿತು? ಆ 3,62,000ದಲ್ಲಿ ಯಾವ ಯಾವ ತಾರೀಖಿನ ಚೆಕ್ಕುಗಳಿವೆ?

ಬ್ಯಾಡಗಿ_ಲೆಕ್ಕ
ಜಮಾ ಆದದ್ದು ಏಪ್ರಿಲ್ 16ಕ್ಕೆ. ಕೊಟ್ಟ ಚೆಕ್ಕುಗಳಲ್ಲಿ ಎಲ್ಲವೂ ಮಾರ್ಚ್ ಕೊನೆಯ ವಾರದವು, ಏಪ್ರಿಲ್ ಮೊದಲ ವಾರದಲ್ಲೇ ಪಾಸಾಗಿವೆ. ಒಂದು ಮಾತ್ರ ನವೆಂಬರ್‌ದು. 38,000, ಒಬ್ಬ ಲಾರಿ ಏಜೆಂಟರಿಗೆ. ಇನ್ನೂ ಬಂದಿಲ್ಲ.

ನಿವೃತ್ತ_ಬ್ಯಾಂಕರ್
ಅದು ಬರುವುದೂ ಇಲ್ಲ. 2012ರ ಏಪ್ರಿಲ್ 1ರಿಂದ ಚೆಕ್ಕಿನ ಆಯುಷ್ಯ ಮೂರೇ ತಿಂಗಳು, ಮೊದಲು ಆರು ಇತ್ತು. ನವೆಂಬರ್ ಚೆಕ್ ಫೆಬ್ರವರಿಗೇ ಸತ್ತಿದೆ. ಈಗ ತಂದರೆ ಕೌಂಟರ್‌ನಲ್ಲೇ ವಾಪಸ್.

ವಿದ್ಯಾನಗರ_ಆಡಿಟ್
ಹೌದು. ಹಾಗಾಗಿ ಅದು ಪಾಸಾಗದ ಚೆಕ್ ಪಟ್ಟಿಯಲ್ಲಿ ಇರುವಂತಿಲ್ಲ. 31ಕ್ಕೆ ಅದನ್ನು ವಾಪಸ್ ತಿರುಗಿಸಿ ಲಾರಿ ಏಜೆಂಟರ ಖಾತೆಗೆ ಕೊಡಬೇಕಾದದ್ದು ಅಂತ ತೋರಿಸಿ. ಆದಾಯಕ್ಕೆ ಹಾಕಿಬಿಡಬೇಡಿ, ಸಾಲ ಇನ್ನೂ ಇದೆ. ಅವರಿಗೊಂದು ಫೋನ್ ಮಾಡಿ ಕೇಳಿ. ಚೆಕ್ ಕಳೆದಿರಬಹುದು. ನಗದು ಕೊಟ್ಟು ಚೆಕ್ ರದ್ದು ಮಾಡುವುದನ್ನು ಮರೆತಿರಲೂಬಹುದು. ಆಗ ಕಥೆಯೇ ಬೇರೆ.

ಈಗ ದೊಡ್ಡದು. 31ಕ್ಕೆ ಕೈಗೆ ಬಂದ ಚೆಕ್ಕನ್ನು ಯಾರಾದರೂ 16ರ ತನಕ ಇಟ್ಟುಕೊಳ್ಳುತ್ತಾರಾ? ಏಪ್ರಿಲ್ 1 ಬ್ಯಾಂಕಿಗೆ ವಾರ್ಷಿಕ ಲೆಕ್ಕದ ರಜೆ, ಸರಿ. ಚೆಕ್ಕಿನ ಚಿತ್ರ ಹೋಗಿ ಹಣ ಬರುವ ಕಾಲ ಇದು. ಹಾಕಿದರೆ ಒಂದೆರಡು ಕೆಲಸದ ದಿನದಲ್ಲಿ ಜಮಾ ಆಗುತ್ತದೆ. ಸಿಸಿ ಮೇಲೆ ದಿನವೂ ಬಡ್ಡಿ ಓಡುತ್ತಿರುವಾಗ ಏಳು ಲಕ್ಷದ ಚೆಕ್ಕನ್ನು ಡ್ರಾಯರಿನಲ್ಲಿ ಇಡುವ ವ್ಯಾಪಾರಿಯನ್ನು ನಾನಂತೂ ಬ್ಯಾಡಗಿಯಲ್ಲಿ ನೋಡಿಲ್ಲ.

ಪೇ-ಇನ್ ಸ್ಲಿಪ್ಪಿನ ಕೌಂಟರ್‌ಫಾಯಿಲ್ ತೆಗೆದು ಬ್ಯಾಂಕಿನ ಸೀಲಿನ ತಾರೀಖು ನೋಡಿ. ಚೆಕ್ ಕೊರಿಯರ್‌ನಲ್ಲಿ ಬಂದಿದ್ದರೆ ಆ ಲಕೋಟೆ, ಅಥವಾ ನಿಮ್ಮ ಟಪಾಲು ರಿಜಿಸ್ಟರ್. ಚೆಕ್ಕಿನ ಮೇಲೆ ಬರೆದ ತಾರೀಖು ಯಾವುದಕ್ಕೂ ಸಾಕ್ಷಿ ಅಲ್ಲ.

ಬ್ಯಾಡಗಿ_ಲೆಕ್ಕ
ಸ್ಲಿಪ್ಪಿನ ಸೀಲ್ ಏಪ್ರಿಲ್ 15. ಟಪಾಲು ರಿಜಿಸ್ಟರ್‌ನಲ್ಲಿ ಆ ಪಾರ್ಟಿಯ ಲಕೋಟೆ ಏಪ್ರಿಲ್ 12ಕ್ಕೆ ಬಂದಿದೆ. ಚೆಕ್ಕಿನ ಮೇಲೆ ಮಾತ್ರ 31 ಮಾರ್ಚ್ ಇದೆ. ರಸೀದಿ ಎಂಟ್ರಿ ನಾನು ಹಾಕಿದ್ದಲ್ಲ. ಸಾಹುಕಾರರು ಹೇಳಿದ್ದಕ್ಕೆ ಇನ್ನೊಬ್ಬರು ಹಾಕಿದ್ದಾರೆ. "ಪಾರ್ಟಿ 31ಕ್ಕೇ ಕಳಿಸ್ತೀನಿ ಅಂದಿದ್ದ, ಹಾಕ್ಬಿಡು" ಅಂದರಂತೆ.

ವಿದ್ಯಾನಗರ_ಆಡಿಟ್
ಹಾಗಿದ್ದರೆ ಅದು ಕೂಡಿಸಿ ಕಳೆಯುವ ಕಾಲದ ವ್ಯತ್ಯಾಸ ಅಲ್ಲ. 31ಕ್ಕೆ ನಿಮ್ಮ ಕೈಯಲ್ಲಿ ಚೆಕ್ಕೇ ಇರಲಿಲ್ಲ. ಆ ಎಂಟ್ರಿಯನ್ನು ತಿರುಗಿಸಿ ಪಾರ್ಟಿಯ ಬಾಕಿಗೆ 7,15,000 ಮತ್ತೆ ಸೇರಿಸಬೇಕು. ಚೆಕ್ 31ರ ಒಳಗೆ ಕೈಗೆ ಬಂದು ಹಾಕದೇ ಉಳಿದಿದ್ದರೆ ಕೈಯಲ್ಲಿರುವ ಚೆಕ್ ಅಂತ ಬೇರೆ ತೋರಿಸಬಹುದಿತ್ತು. ಆ ದಾರಿ ಇಲ್ಲಿ ಇಲ್ಲ.

ಪೂರ್ತಿ ಲೆಕ್ಕ ಹೀಗೆ ನಿಲ್ಲುತ್ತದೆ:

```
ಲೆಡ್ಜರ್ ಬಾಕಿ                  1,42,18,600
+ ಮಾರ್ಚ್ ಬಡ್ಡಿ                  1,18,400
+ ಇನ್ಶೂರೆನ್ಸ್ ಪ್ರೀಮಿಯಂ             64,350
- ಬರೆಯದ ನೆಫ್ಟ್                   49,000
- ಅವಧಿ ಮುಗಿದ ಚೆಕ್                38,000
+ ತಿರುಗಿಸಿದ ರಸೀದಿ              7,15,000
ಸರಿಪಡಿಸಿದ ಲೆಡ್ಜರ್             1,50,29,350
- ಪಾಸಾಗದ ಚೆಕ್                 3,24,000
ಬ್ಯಾಂಕ್ ಲೆಟರ್                 1,47,05,350
```

ಬಿ.ಆರ್.ಎಸ್.ನಲ್ಲಿ ಕೊನೆಗೆ ಉಳಿಯುವುದು ಒಂದೇ ಸಾಲು, 3,24,000. ಅದರ ಪಕ್ಕ ಪ್ರತಿ ಚೆಕ್ ಪಾಸಾದ ಏಪ್ರಿಲ್ ತಾರೀಖು ಬರೆದುಕೊಡಿ. ಆಡಿಟರ್‌ಗೆ ಬೇಕಾದದ್ದು ಅದೇ.

ನಿವೃತ್ತ_ಬ್ಯಾಂಕರ್
ಒಂದು ಕೇಳಲಾ? ನಿಮ್ಮ ಸಿಸಿ ಲಿಮಿಟ್ ಎಷ್ಟು?

ಬ್ಯಾಡಗಿ_ಲೆಕ್ಕ
ಒಂದೂವರೆ ಕೋಟಿ ಸರ್.

ನಿವೃತ್ತ_ಬ್ಯಾಂಕರ್
ಅಂದುಕೊಂಡೆ. ಸರಿಪಡಿಸಿದ ಪುಸ್ತಕದ ಬಾಕಿ ಲಿಮಿಟ್ ದಾಟಿದೆ, ಇಪ್ಪತ್ತೊಂಬತ್ತು ಸಾವಿರ ಚಿಲ್ಲರೆ. ಬರೆದ ಚೆಕ್ಕೆಲ್ಲ ಅದೇ ದಿನ ಬಂದಿದ್ದರೆ ಒಂದಾದರೂ ವಾಪಸ್ ಹೋಗುವ ಸಂಭವ ಇತ್ತು. ಏಳು ಲಕ್ಷದ ರಸೀದಿ ಹಾಕಿದ್ದರಿಂದ ಪುಸ್ತಕದಲ್ಲಿ ಅದು ಕಾಣಲಿಲ್ಲ. ಆ ಪಾರ್ಟಿಯ ಬಿಲ್ಲು ಎಷ್ಟು ಹಳೆಯದು ಅಂತಲೂ ನೋಡಿರಿ. ಸ್ಟಾಕು, ಬರಬೇಕಾದ ಬಾಕಿ ನೋಡಿ ಎಷ್ಟು ಸಾಲ ಎತ್ತಬಹುದು ಅನ್ನುವ ಡ್ರಾಯಿಂಗ್ ಪವರ್ ಲೆಕ್ಕದಲ್ಲಿ ಸಾಮಾನ್ಯವಾಗಿ 90 ದಿನ ದಾಟಿದ ಬಾಕಿಯನ್ನು ಬ್ಯಾಂಕ್ ಹಿಡಿಯುವುದಿಲ್ಲ. ಹಳೆಯ ಬಾಕಿ ಬಂದಿದೆ ಅಂತ ತೋರಿಸುವ ಆಸೆ ಎಲ್ಲ ವ್ಯಾಪಾರಿಗಳಿಗೂ ಇರುತ್ತದೆ. ನಿಮ್ಮ ಸಾಹುಕಾರರ ಮನಸ್ಸಿನಲ್ಲಿ ಏನಿತ್ತೋ ನನಗೆ ತಿಳಿಯದು, ಆರೋಪ ಮಾಡುತ್ತಿಲ್ಲ.

ಗೋಕುಲ್_ರೋಡ್
ಇದು ಅತಿಯಾಯಿತು. ಹಣ ಬಂದೇ ಬಂತಲ್ಲ, ಹದಿನೈದು ದಿನ ತಡವಾಗಿ. ಯಾರಿಗೆ ನಷ್ಟ? ಚೆಕ್ಕಿನ ಮೇಲೆ 31 ಅಂತ ಪಾರ್ಟಿಯೇ ಬರೆದಿದ್ದಾನೆ. ಅವನ ಪುಸ್ತಕದಲ್ಲೂ 31ಕ್ಕೇ ಕೊಟ್ಟದ್ದಾಗಿರುತ್ತದೆ. ಈಗ ನೀವು ತಿರುಗಿಸಿದರೆ ಪಾರ್ಟಿ ಕನ್ಫರ್ಮೇಶನ್ ತಾಳೆ ಆಗುವುದಿಲ್ಲ.

ವಿದ್ಯಾನಗರ_ಆಡಿಟ್
ತಾಳೆ ಆಗದಿರಲಿ ಸರ್. ಅವರಿಗೆ ಅದು ಪಾಸಾಗದ ಚೆಕ್, ನಿಮಗೆ ಇನ್ನೂ ಬರಬೇಕಾದ ಹಣ. ಎರಡು ಊರಿನ ನಡುವೆ ಕಾಗದ ಓಡಾಡುವಾಗ ಹೀಗೆ ಆಗುವುದೇ. ವ್ಯತ್ಯಾಸಕ್ಕೆ ಕಾರಣ ಇದ್ದರೆ ಸಾಕು. ಹಣ ಬಂದದ್ದು ನಿಜ, ಅದರಿಂದ ಆ ಬಾಕಿ ವಸೂಲಾಗುತ್ತದೆ ಅನ್ನುವುದಕ್ಕೆ ಒಳ್ಳೆಯ ಸಾಕ್ಷಿ ಸಿಕ್ಕಿತು. ಆದರೆ ಮಾರ್ಚ್ 31ಕ್ಕೆ ಬ್ಯಾಂಕ್ ಸಾಲ ಎಷ್ಟಿತ್ತು ಅನ್ನುವ ಪ್ರಶ್ನೆಗೆ ಅದು ಉತ್ತರ ಅಲ್ಲ.

ಒಂದು ಕೇಳುವುದು ಬಿಟ್ಟೆ. ಬ್ಯಾಡಗಿಯವರೇ, ಲೆಟರ್ ನಿಮ್ಮ ಕೈಗೆ ಹೇಗೆ ಬಂತು?

ಬ್ಯಾಡಗಿ_ಲೆಕ್ಕ
ಬ್ರಾಂಚಿಗೆ ಹೋಗಿ ನಾನೇ ಇಸಿದುಕೊಂಡು ಬಂದೆ. ಹುಬ್ಬಳ್ಳಿಗೆ ಹೋದಾಗ ಆಡಿಟರ್ ಆಫೀಸಿಗೆ ಕೊಡೋಣ ಅಂತ.

ವಿದ್ಯಾನಗರ_ಆಡಿಟ್
ಅವರು ಇನ್ನೊಂದು ತರಿಸಿದರೆ ಬೇಜಾರು ಮಾಡಿಕೊಳ್ಳಬೇಡಿ. ಪತ್ರ ಕೇಳುವುದೂ ಆಡಿಟರ್, ಬ್ಯಾಂಕಿನಿಂದ ಉತ್ತರ ಬರಬೇಕಾದದ್ದೂ ನೇರವಾಗಿ ಅವರಿಗೇ. ಆಡಿಟ್ ಮಾನದಂಡ ಎಸ್‌ಎ 505 ಹೇಳುವುದು ಇದನ್ನೇ. ನಡುವೆ ಕಂಪನಿಯವರ ಕೈ ಬಂದರೆ ಆ ಕಾಗದದ ತೂಕ ಕಡಿಮೆ ಆಗುತ್ತದೆ. ನಿಮ್ಮ ಮೇಲೆ ಅನುಮಾನ ಅಂತ ಅಲ್ಲ.

ನಿವೃತ್ತ_ಬ್ಯಾಂಕರ್
ಹೇಳುವುದು ಸುಲಭ ಮೇಡಂ. ಏಪ್ರಿಲ್, ಮೇ ತಿಂಗಳಲ್ಲಿ ಬ್ರಾಂಚಿನಲ್ಲಿ ಇಂಥ ಪತ್ರಗಳ ರಾಶಿ ಬಿದ್ದಿರುತ್ತದೆ. ಗಿರಾಕಿ ಬಂದು ಎದುರಿಗೆ ನಿಂತರೆ ಮಾತ್ರ ಕೆಲಸ ಆಗುತ್ತದೆ. ಅಂಚೆಯಲ್ಲಿ ಕಳಿಸಿದರೆ ಆಗಸ್ಟ್ ಆಯಿತು ಅಂತ ತಿಳಿಯಿರಿ.

ವಿದ್ಯಾನಗರ_ಆಡಿಟ್
ಅದಕ್ಕೇ ನಾವು ನಮ್ಮ ಹುಡುಗನನ್ನೇ ಕಳಿಸುತ್ತೇವೆ. ಇಲ್ಲವಾದರೆ ಬ್ರಾಂಚಿನ ಅಧಿಕೃತ ಮೇಲ್‌ನಿಂದ ನಮ್ಮ ಮೇಲ್‌ಗೆ ತರಿಸುತ್ತೇವೆ. ಎಲ್ಲ ಬ್ರಾಂಚಿನವರೂ ಒಪ್ಪುವುದಿಲ್ಲ, ಅದು ನಿಜ.

ಬ್ಯಾಡಗಿ_ಲೆಕ್ಕ
ಬಡ್ಡಿ, ಪ್ರೀಮಿಯಂ, ನೆಫ್ಟ್, ಹಳೆಯ ಚೆಕ್ ಎಲ್ಲಕ್ಕೂ ಎಂಟ್ರಿ ಹಾಕಿದೆ. 49,000 ರಾಣೆಬೆನ್ನೂರಿನ ಮಸಾಲೆ ಪಾರ್ಟಿಯದಂತೆ. ಲಾರಿ ಏಜೆಂಟರಿಗೆ ಫೋನ್ ಮಾಡಿದೆ. ಚೆಕ್ ಸಿಕ್ಕೇ ಇಲ್ಲ ಅಂತಾರೆ, ನಮ್ಮ ಕಡೆ ಅವರ ಹುಡುಗ ಸಹಿ ಮಾಡಿ ಒಯ್ದ ರಸೀದಿ ಇದೆ. ಅದೊಂದು ನೋಡಬೇಕು.

7,15,000 ತಿರುಗಿಸುವ ವಿಷಯ ಸಾಹುಕಾರರ ಮುಂದೆ ಇಟ್ಟೆ. "ಆಡಿಟರ್ ಕೇಳಿದರೆ ನೋಡೋಣ" ಅಂದರು. ಟಪಾಲು ರಿಜಿಸ್ಟರ್‌ನ ಆ ಪುಟದ ಜೆರಾಕ್ಸ್ ತೆಗೆದು ಬಿ.ಆರ್.ಎಸ್. ಫೈಲಿಗೆ ಹಾಕಿದ್ದೇನೆ. ಸೋಮವಾರ ಆಡಿಟರ್ ಆಫೀಸಿನವರು ಬರುತ್ತಾರೆ.

ಗದಗ_ಗುತ್ತಿಗೆ
ಬಂದು ಏನಂದರು ಅಂತ ಇಲ್ಲೇ ಹಾಕಿರಿ ಅಣ್ಣಾ. ನಮ್ಮ ಗ್ಯಾರಂಟಿಯ ಎಫ್‌ಡಿ ಬಿಡಿಸಿಕೊಳ್ಳಲು ಇಲಾಖೆಯಲ್ಲಿ ಯಾರನ್ನು ಕೇಳಬೇಕು ಅಂತ ಗೊತ್ತಿದ್ದವರೂ ಹೇಳಿ.